ಗಿರಾಕಿಯ ಫೋನ್ ನಂಬರ್ ಎಲ್ಲೆಲ್ಲಿ ಕೂತಿದೆ? ಸಣ್ಣ ಆನ್‌ಲೈನ್ ಅಂಗಡಿಗೊಂದು ಸಮಗ್ರ ಮಾರ್ಗದರ್ಶಿ

ಹೋದ ವರ್ಷ ಮಳೆಗಾಲದಲ್ಲಿ ಅತ್ತಿಗೆಗೆ ಒಬ್ಬ ಗಿರಾಕಿಯ ಫೋನ್ ಬಂತು. ಶಿರಸಿ ಹತ್ತಿರದ ಮನೆಯಿಂದಲೇ ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಚಟ್ನಿಪುಡಿ ಮಾರುತ್ತಾರೆ. ವೆಬ್‌ಸೈಟ್ ನೋಡಿಕೊಳ್ಳುವುದು ನಾನು. ಫೋನ್ ಮಾಡಿದ ಹೆಂಗಸು ಜಗಳಕ್ಕೇನೂ ಬಂದಿರಲಿಲ್ಲ. "ಚಟ್ನಿಪುಡಿ ಚೆನ್ನಾಗಿದೆ ಅಕ್ಕಾ. ಆದರೆ ಬಾಟಲಿಗೆ ಸುತ್ತಿದ ಕಾಗದದ ಹಿಂದೆ ಹಾಸನದ ಯಾರದೋ ಹೆಸರು, ಅಡ್ರೆಸ್ಸು, ಫೋನ್ ನಂಬರು ಎಲ್ಲ ಇದೆಯಲ್ಲ?" ಎಂದರು.

ವಿಷಯ ಇಷ್ಟೇ. ಪ್ರಿಂಟರ್ ಸರಿಯಾಗಿ ಮುದ್ರಿಸದ ಲೇಬಲ್ ಹಾಳೆಗಳು ಒಂದು ಮೂಲೆಯಲ್ಲಿ ಬಿದ್ದಿದ್ದವು. ಕಾಗದ ಯಾಕೆ ಹಾಳು ಮಾಡುವುದು ಅಂತ ಪ್ಯಾಕ್ ಮಾಡುವ ಹುಡುಗಿ ಅದನ್ನೇ ಬಾಟಲಿಗೆ ಸುತ್ತಿದ್ದಳು. ಅದೇ ತಿಂಗಳು ನಾನು ಸೈಟಿಗೆ ಫೈರ್‌ವಾಲ್ ಹಾಕಿ, ಬೀಗ ಭದ್ರವಾಯಿತು ಅಂತ ಹೆಮ್ಮೆಯಿಂದ ಕೂತಿದ್ದೆ. ಮಾಹಿತಿ ಹೊರಗೆ ಹೋಗಿದ್ದು ಬಾಗಿಲಿನಿಂದಲೇ, ಅದೂ ನಾವೇ ಕೊರಿಯರ್ ಖರ್ಚು ಕೊಟ್ಟು ಕಳಿಸಿದ ಪಾರ್ಸೆಲ್‌ನಲ್ಲಿ.

ಆಮೇಲೆ ಕೂತು ಒಂದೊಂದನ್ನೇ ಸರಿ ಮಾಡಿದೆವು. ಆ ಕೆಲಸವನ್ನೇ ಇಲ್ಲಿ ಬರೆದಿದ್ದೇನೆ. ನಮ್ಮ ಸೈಟ್ ನಡೆಯುವುದು ವರ್ಡ್‌ಪ್ರೆಸ್ ಮೇಲೆ, ಅಂಗಡಿಯ ಭಾಗಕ್ಕೆ ವೂಕಾಮರ್ಸ್, ಹಣಕ್ಕೆ ರೇಜರ್‌ಪೇ ಅನ್ನುವ ಪೇಮೆಂಟ್ ಗೇಟ್‌ವೇ. ಹಾಗಾಗಿ ಪರದೆಯ ಮೇಲಿನ ಹೆಸರುಗಳು ಅವುಗಳದ್ದೇ. ನಿಮ್ಮದು ಬೇರೆ ಆಗಿದ್ದರೂ ಕೆಲಸದ ಕ್ರಮ ಬದಲಾಗುವುದಿಲ್ಲ.

## ಮೊದಲ ಹೆಜ್ಜೆ: ಒಂದೇ ಒಂದು ಆರ್ಡರ್ ಹಿಂದೆ ಹೋಗಿ

ಸೆಟ್ಟಿಂಗ್ ಮುಟ್ಟುವ ಮೊದಲು ಒಂದು ಹಾಳೆ, ಪೆನ್ನು ತಗೊಳ್ಳಿ. ಹೋದ ವಾರದ ಒಂದು ಆರ್ಡರ್ ಆರಿಸಿ. ಆ ಗಿರಾಕಿಯ ಫೋನ್ ನಂಬರ್ ಈಗ ಎಲ್ಲೆಲ್ಲಿ ಇದೆ ಅಂತ ಹುಡುಕುತ್ತಾ ಹೋಗಿ. ನಾವು ದಾವಣಗೆರೆಯ ಒಂದು ಆರ್ಡರ್ ಹಿಡಿದೆವು. ಎರಡು ಉಪ್ಪಿನಕಾಯಿ, ಒಂದು ಹಪ್ಪಳ.

ನಂಬರು ಸಿಕ್ಕಿದ್ದು ಎಲ್ಲಿ? ವೂಕಾಮರ್ಸ್ ಆರ್ಡರ್ ಪಟ್ಟಿಯಲ್ಲಿ, ಸರಿ. ಪೇಮೆಂಟ್ ಗೇಟ್‌ವೇ ಡ್ಯಾಶ್‌ಬೋರ್ಡ್‌ನಲ್ಲಿ, ಅದೂ ಸರಿ. ಕೊರಿಯರ್‌ನವರ ಆ್ಯಪ್‌ನಲ್ಲಿ, ಅದೂ ಬೇಕೇ ಬೇಕು. ಅಲ್ಲಿಂದ ಮುಂದೆ ಕಥೆ ಶುರು. "ಹೊಸ ಆರ್ಡರ್ ಬಂದಿದೆ" ಅನ್ನುವ ಇಮೇಲ್ ಅತ್ತಿಗೆಯ ಜಿಮೇಲ್‌ನಲ್ಲಿ, ಅದರ ಪ್ರತಿ ನನ್ನ ಜಿಮೇಲ್‌ನಲ್ಲಿ. ದಿನಾ ಸಂಜೆ ಇಳಿಸಿದ ಎಕ್ಸೆಲ್ ಫೈಲ್ ಲ್ಯಾಪ್‌ಟಾಪ್‌ನ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ. ಅದೇ ಫೈಲ್ "ಪ್ಯಾಕಿಂಗ್" ಅನ್ನುವ ವಾಟ್ಸಾಪ್ ಗುಂಪಿನಲ್ಲಿ. ಅಂದರೆ ಆ ಗುಂಪಿನಲ್ಲಿದ್ದ ಐದು ಜನರ ಫೋನ್‌ಗಳಲ್ಲಿ. ಅವರಲ್ಲಿ ಒಬ್ಬಳು ಮದುವೆಯಾಗಿ ಕೆಲಸ ಬಿಟ್ಟು ಎಂಟು ತಿಂಗಳಾಗಿತ್ತು, ಗುಂಪಿನಲ್ಲಿ ಮಾತ್ರ ಇನ್ನೂ ಇದ್ದಳು. ಕೊನೆಗೆ, ಹಾಳಾದ ಲೇಬಲ್‌ಗಳ ಆ ಕಾಗದದ ರಾಶಿ.

ಒಂದು ನಂಬರು, ಹನ್ನೆರಡು ಜಾಗ. ಬೇಕಾಗಿದ್ದದ್ದು ಮೂರೇ. ಉಳಿದ ಒಂಬತ್ತಕ್ಕೆ ಹ್ಯಾಕರ್ ಬೇಕಾಗಿಲ್ಲ. ಫೋನ್ ಕಳೆದುಹೋದರೆ ಸಾಕು, ರಿಪೇರಿಗೆ ಕೊಟ್ಟರೆ ಸಾಕು.

ಹಾಳೆಯಲ್ಲಿ ಪ್ರತಿ ಜಾಗದ ಮುಂದೆ "ಇದು ಇಲ್ಲದಿದ್ದರೆ ಯಾವ ಕೆಲಸ ನಿಲ್ಲುತ್ತದೆ?" ಅಂತ ಬರೆಯಿರಿ. ಉತ್ತರ ಸಿಗದಿದ್ದರೆ ಅದು ತೆಗೆಯಬೇಕಾದ ಜಾಗ. ನಮ್ಮ ಎಕ್ಸೆಲ್ ಫೈಲನ್ನೇ ನೋಡಿ. ಪ್ಯಾಕ್ ಮಾಡುವವರಿಗೆ ಬೇಕಿದ್ದದ್ದು ಆರ್ಡರ್ ನಂಬರು ಮತ್ತು ಸಾಮಾನಿನ ಪಟ್ಟಿ. ಯಾರಿಗೆ ಹೋಗುತ್ತದೆ ಅನ್ನುವುದು ಡಬ್ಬ ತುಂಬುವವರಿಗೆ ಯಾಕೆ? ಈಗ ಎರಡು ಚೀಟಿ ಮುದ್ರಿಸುತ್ತೇವೆ. ಪ್ಯಾಕಿಂಗ್ ಚೀಟಿಯಲ್ಲಿ ಆರ್ಡರ್ ನಂಬರು ಮತ್ತು ಸಾಮಾನು ಮಾತ್ರ. ಅಡ್ರೆಸ್ ಲೇಬಲ್ ಅನ್ನು ಕೊನೆಯಲ್ಲಿ ಅತ್ತಿಗೆಯೇ ಅಂಟಿಸುತ್ತಾರೆ. ವಾಟ್ಸಾಪ್ ಗುಂಪು ಮುಚ್ಚಿದೆವು. ಹಾಳಾದ ಲೇಬಲ್ ಬಚ್ಚಲ ಒಲೆಗೆ ಹೋಗುತ್ತದೆ. ಮಲೆನಾಡಿನಲ್ಲಿ ಕಾಗದ ಕತ್ತರಿಸುವ ಯಂತ್ರ ಕೊಳ್ಳಬೇಕಾಗಿಲ್ಲ.

ಇದೇ ಹೊತ್ತಿನಲ್ಲಿ ಚೆಕ್‌ಔಟ್ ಫಾರ್ಮ್ ಮೇಲೂ ಒಮ್ಮೆ ಕಣ್ಣಾಡಿಸಿ. ನಮ್ಮಲ್ಲಿ ಹುಟ್ಟಿದ ದಿನ ಕೇಳುತ್ತಿದ್ದೆವು, ಹುಟ್ಟುಹಬ್ಬಕ್ಕೆ ರಿಯಾಯಿತಿ ಕೊಡೋಣ ಅಂತ. ಎರಡು ವರ್ಷದಲ್ಲಿ ಒಬ್ಬರಿಗೂ ಕೊಟ್ಟಿರಲಿಲ್ಲ. ತೆಗೆದೆವು. ಹೆಸರು, ಅಡ್ರೆಸ್, ಪಿನ್‌ಕೋಡ್, ಫೋನ್ ಇದ್ದರೆ ಉಪ್ಪಿನಕಾಯಿ ತಲುಪುತ್ತದೆ. ಬಿಲ್ ಕಳಿಸಲು ಇಮೇಲ್. ಅಷ್ಟೇ.

## ಎರಡನೇ ಹೆಜ್ಜೆ: ಪಾಸ್‌ವರ್ಡ್, ಮೊದಲು ನಿಮ್ಮದು

ಗಿರಾಕಿಗಳ ಪಾಸ್‌ವರ್ಡ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆದರೆ ಸಣ್ಣ ಅಂಗಡಿಗಳಲ್ಲಿ ಮೊದಲು ಹೋಗುವುದು ಮಾಲೀಕರದ್ದು. ಅದೊಂದು ಹೋದರೆ ಎಲ್ಲ ಗಿರಾಕಿಗಳ ಪಟ್ಟಿಯೂ ಒಟ್ಟಿಗೇ ಹೋದಂತೆ.

ನಮ್ಮಲ್ಲಿ `admin` ಅನ್ನುವ ಒಂದೇ ಖಾತೆ ಇತ್ತು. ಅದನ್ನು ನಾಲ್ಕು ಜನ ಬಳಸುತ್ತಿದ್ದರು. ಪಾಸ್‌ವರ್ಡ್ ಮನೆಯ ಹೆಸರು ಮತ್ತು ಇಸವಿ. ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಮೇಲೂ ಬರೆದಿತ್ತು. ಯಾರು ಯಾವಾಗ ಏನು ಮಾಡಿದರು ಅಂತ ಹೇಳಲು ದಾರಿಯೇ ಇರಲಿಲ್ಲ.

ಸರಿಮಾಡುವಾಗ ಕ್ರಮ ಮುಖ್ಯ. ಶುರು ಮಾಡಬೇಕಾದ್ದು ಸೈಟಿನಿಂದಲ್ಲ, ಇಮೇಲ್‌ನಿಂದ. ಯಾಕೆಂದರೆ ಸೈಟ್, ಹೋಸ್ಟಿಂಗ್, ಡೊಮೈನ್, ಗೇಟ್‌ವೇ ಎಲ್ಲದಕ್ಕೂ "ಪಾಸ್‌ವರ್ಡ್ ಮರೆತೆ" ಅಂತ ಒತ್ತಿದರೆ ಲಿಂಕ್ ಬಂದು ಬೀಳುವುದು ಅದೇ ಜಿಮೇಲ್‌ಗೆ. ಜಿಮೇಲ್ ಕೈಗೆ ಸಿಕ್ಕವರಿಗೆ ಉಳಿದ ನಾಲ್ಕು ಬೀಗವೂ ತೆರೆಯುತ್ತವೆ. ಹಾಗಾಗಿ ಮೊದಲು ಅದಕ್ಕೆ ಹೊಸ ಪಾಸ್‌ವರ್ಡ್ ಹಾಕಿ, ಎರಡು ಹಂತದ ಪರಿಶೀಲನೆ ಆನ್ ಮಾಡಿ. ಎಸ್‌ಎಂಎಸ್ ಒಟಿಪಿಗಿಂತ ಅಥೆಂಟಿಕೇಟರ್ ಆ್ಯಪ್ ಒಳ್ಳೆಯದು. ನಮ್ಮೂರಿನಂಥ ಕಡೆ ಮಳೆಗಾಲದಲ್ಲಿ ಟವರ್ ಹೋದರೂ ಆ್ಯಪ್ ಸಂಖ್ಯೆ ತೋರಿಸುತ್ತದೆ, ಅದಕ್ಕೆ ನೆಟ್‌ವರ್ಕ್ ಬೇಡ. ಆನ್ ಮಾಡುವಾಗ ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದಕ್ಕೆ ಬರೆದು, ಜಮೀನಿನ ಪತ್ರ ಇಡುವ ಕಡೆ ಇಡಿ. ಕ್ಯಾಲೆಂಡರ್ ಮೇಲೆ ಬೇಡ.

ಆಮೇಲೆ ಡೊಮೈನ್, ಹೋಸ್ಟಿಂಗ್, ಗೇಟ್‌ವೇ, ಕೊನೆಗೆ ವರ್ಡ್‌ಪ್ರೆಸ್. ಪ್ರತಿಯೊಂದಕ್ಕೂ ಬೇರೆ ಬೇರೆ ಪಾಸ್‌ವರ್ಡ್. ನೆನಪಿಡಲು ಹೋಗಬೇಡಿ, ಪಾಸ್‌ವರ್ಡ್ ಮ್ಯಾನೇಜರ್‌ಗೆ ಬಿಡಿ. ನೆನಪಿಡಬೇಕಾದ್ದು ಮ್ಯಾನೇಜರ್‌ನ ಒಂದೇ ಪಾಸ್‌ವರ್ಡ್. ಅದಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿ. ಅತ್ತಿಗೆಯದು ಒಂದು ಮರ, ಒಂದು ಪಾತ್ರೆ, ಒಬ್ಬ ನೆಂಟ ಮತ್ತು ಒಂದು ಬಸ್ಸಿನ ಹೆಸರು ಸೇರಿ ಆದದ್ದು. ಉದ್ದ ಇದ್ದರೆ ಚಿಹ್ನೆ, ಅಂಕಿ ಅಂತ ಒದ್ದಾಡಬೇಕಾಗಿಲ್ಲ.

ವರ್ಡ್‌ಪ್ರೆಸ್‌ನಲ್ಲಿ ಒಬ್ಬೊಬ್ಬರಿಗೂ ಅವರದೇ ಖಾತೆ ಮಾಡಿ. Administrator ಪಾತ್ರ ಒಬ್ಬರಿಗೆ ಸಾಕು, ಹೆಚ್ಚೆಂದರೆ ಇಬ್ಬರಿಗೆ. ಆರ್ಡರ್ ನೋಡುವವರಿಗೆ Shop manager ಸಾಕು. ಆದರೆ ಒಂದು ಮಾತು. Shop manager ಆದವರಿಗೂ ಎಲ್ಲ ಗಿರಾಕಿಗಳ ವಿವರ ಕಾಣುತ್ತದೆ. ಚಿಕ್ಕ ಪಾತ್ರ ಅಂತ ಹೆಸರು ನೋಡಿ ಮೋಸಹೋಗಿ ಎಲ್ಲರಿಗೂ ಹಂಚಬೇಡಿ. ಪ್ಯಾಕಿಂಗ್ ಮಾಡುವವರಿಗೆ ಲಾಗಿನ್ನೇ ಬೇಡ, ಅವರಿಗೆ ಚೀಟಿ ಇದೆ. ವರ್ಡ್‌ಪ್ರೆಸ್‌ನೊಳಗೆ ಎರಡು ಹಂತದ ಪರಿಶೀಲನೆ ತಾನಾಗಿ ಬರುವುದಿಲ್ಲ, ಅದಕ್ಕೊಂದು ಪ್ಲಗಿನ್ ಹಾಕಬೇಕು. ಯಾರಾದರೂ ಕೆಲಸ ಬಿಟ್ಟರೆ ಕೊನೆಯ ಸಂಬಳ ಕೊಡುವ ದಿನವೇ ಅವರ ಖಾತೆ ತೆಗೆಯಿರಿ.

## ಗಿರಾಕಿಗಳ ಪಾಸ್‌ವರ್ಡ್ ನಿಮ್ಮ ಹತ್ತಿರ ಹೇಗಿದೆ ಅಂತ ನೋಡುವುದು

ಎರಡು ನಿಮಿಷದ ಪರೀಕ್ಷೆ. ನಿಮ್ಮದೇ ಅಂಗಡಿಯಲ್ಲಿ ಗಿರಾಕಿಯಾಗಿ ಒಂದು ಖಾತೆ ತೆರೆಯಿರಿ, ಆಮೇಲೆ "ಪಾಸ್‌ವರ್ಡ್ ಮರೆತೆ" ಅಂತ ಒತ್ತಿ. ಹೊಸದು ಹಾಕಿಕೊಳ್ಳಲು ಲಿಂಕ್ ಬಂದರೆ ಸರಿ. ನಿಮ್ಮ ಹಳೆಯ ಪಾಸ್‌ವರ್ಡನ್ನೇ ಇಮೇಲ್‌ನಲ್ಲಿ ಬರೆದು ಕಳಿಸಿದರೆ ಆ ಸಾಫ್ಟ್‌ವೇರ್ ಅದನ್ನು ಇದ್ದಹಾಗೇ ಇಟ್ಟುಕೊಂಡಿದೆ ಅಂತ ಅರ್ಥ. ಪರಿಚಯದವರಿಂದ ಅಗ್ಗಕ್ಕೆ ಬರೆಸಿದ ಸೈಟ್‌ಗಳಲ್ಲಿ ಇದು ಸಿಗುತ್ತದೆ. ಅಂಥ ಸೈಟ್‌ನಲ್ಲಿ ಬೇರೇನೂ ಸರಿಮಾಡುವ ಮೊದಲು ಅದನ್ನು ನಿಲ್ಲಿಸಬೇಕು.

ಸರಿಯಾದ ವ್ಯವಸ್ಥೆ ಪಾಸ್‌ವರ್ಡನ್ನು ಇಟ್ಟುಕೊಳ್ಳುವುದೇ ಇಲ್ಲ, ಅದರ ಹ್ಯಾಶ್ ಇಟ್ಟುಕೊಳ್ಳುತ್ತದೆ. ಅಕ್ಕಿಯನ್ನು ಹಿಟ್ಟು ಮಾಡಬಹುದು, ಹಿಟ್ಟಿನಿಂದ ಅಕ್ಕಿ ಮಾಡಲಾಗದು, ಹಾಗೆ. ಗಿರಾಕಿ ಮತ್ತೆ ಲಾಗಿನ್ ಆದಾಗ ಅವರು ಕೊಟ್ಟದ್ದನ್ನೂ ಬೀಸಿ, ಎರಡೂ ಒಂದೇನಾ ಅಂತ ನೋಡುತ್ತದೆ.

ನಿಮ್ಮಲ್ಲಿ ಹೇಗಿದೆ ಅಂತ ಕಣ್ಣಾರೆ ನೋಡಬಹುದು. ಹೋಸ್ಟಿಂಗ್‌ನಲ್ಲಿ ಡೇಟಾಬೇಸ್ ನೋಡಲು ಇರುವ phpMyAdmin ತೆರೆದು `wp_users` ಅನ್ನುವ ಪಟ್ಟಿಯಲ್ಲಿ `user_pass` ಕಾಲಂ ನೋಡಿ. ಏನನ್ನೂ ಬದಲಿಸಬೇಡಿ, ಸುಮ್ನೆ ನೋಡಿ. ಅಲ್ಲಿ ಸಾಲುಗಳು ಹೀಗೆ ಶುರುವಾಗುತ್ತವೆ:

```
$wp$2y$...
$P$B...
```

ಮೊದಲನೆಯದು 2025ರ ಏಪ್ರಿಲ್‌ನಲ್ಲಿ ಬಂದ ವರ್ಡ್‌ಪ್ರೆಸ್ 6.8ರಿಂದ ಶುರುವಾದ ಬಿಕ್ರಿಪ್ಟ್ ವಿಧಾನ. ಎರಡನೆಯದು ಹಳೆಯದು. ಹಳೆಯದು ಇದ್ದರೆ ಗಾಬರಿ ಬೇಡ. ಆವೃತ್ತಿ ಹೊಸದಾಗಿದ್ದರೆ ಆ ಗಿರಾಕಿ ಮುಂದಿನ ಸಲ ಲಾಗಿನ್ ಆದಾಗ ತಾನಾಗಿ ಹೊಸದಕ್ಕೆ ಬದಲಾಗುತ್ತದೆ. ಬರೀ 32 ಅಕ್ಷರದ, ಡಾಲರ್ ಚಿಹ್ನೆಯೇ ಇಲ್ಲದ ಸಾಲು ಕಂಡರೆ ಅದು ಬರಿಯ ಎಂಡಿ5. ಅದನ್ನು ಒಡೆಯುವುದು ಈಗ ಕಷ್ಟವಲ್ಲ. ಆ ಗಿರಾಕಿಗಳಿಗೆ ಪಾಸ್‌ವರ್ಡ್ ಬದಲಿಸುವ ಲಿಂಕ್ ಕಳಿಸಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ ಒಂದಿದೆ. ಉಪ್ಪಿನಕಾಯಿ ಕೊಳ್ಳಲು ಖಾತೆಯೇ ಯಾಕೆ ಬೇಕು? WooCommerce → Settings → Accounts & Privacy ಗೆ ಹೋಗಿ, ಖಾತೆ ಇಲ್ಲದೆಯೇ ಕೊಳ್ಳುವ guest checkout ಆನ್ ಮಾಡಿ. ಬಹಳ ಜನ ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡುತ್ತಾರೆ. ನಿಮ್ಮಲ್ಲಿ ಕದ್ದದ್ದು ಅವರ ಇಮೇಲ್‌ಗೂ ಕೀಲಿಯಾಗಬಹುದು. ಇಲ್ಲದ ಪಾಸ್‌ವರ್ಡನ್ನು ಯಾರೂ ಕದಿಯಲಾರರು. ನಾವು ಆನ್ ಮಾಡಿದ ಮೇಲೆ ಹೊಸ ಗಿರಾಕಿಗಳಲ್ಲಿ ಖಾತೆ ತೆರೆಯುವವರು ಬೆರಳೆಣಿಕೆ. ವ್ಯಾಪಾರಕ್ಕೆ ಏನೂ ಪೆಟ್ಟಾಗಲಿಲ್ಲ.

## ಮೂರನೇ ಹೆಜ್ಜೆ: ದುಡ್ಡಿನ ವಿವರ ಕೈಗೆ ಬರದಂತೆ ನೋಡಿಕೊಳ್ಳುವುದು

ಕಾರ್ಡ್ ವಿಷಯದಲ್ಲಿ ನಿಯಮ ಸ್ಪಷ್ಟ. 2022ರ ಅಕ್ಟೋಬರ್ 1ರಿಂದ ಕಾರ್ಡ್ ಕೊಟ್ಟ ಬ್ಯಾಂಕು ಮತ್ತು ಕಾರ್ಡ್ ನೆಟ್‌ವರ್ಕ್ ಬಿಟ್ಟು ಬೇರೆ ಯಾರೂ ಕಾರ್ಡ್ ವಿವರ ಇಟ್ಟುಕೊಳ್ಳುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಲೆಕ್ಕ ಹೊಂದಿಸಲು ಕೊನೆಯ ನಾಲ್ಕು ಅಂಕಿ ಮತ್ತು ಬ್ಯಾಂಕಿನ ಹೆಸರು ಇಟ್ಟುಕೊಳ್ಳಬಹುದು, ಅಷ್ಟೇ. "ಕಾರ್ಡ್ ಸೇವ್ ಮಾಡಿ" ಅಂತ ನೀವು ಬೇರೆ ಕಡೆ ನೋಡುವುದು ಟೋಕನ್, ಅಂದರೆ ಆ ಕಾರ್ಡಿಗೆ ಬದಲಾಗಿ ಕೊಟ್ಟ ಇನ್ನೊಂದು ಸಂಖ್ಯೆ. ಕದ್ದು ಬೇರೆ ಅಂಗಡಿಯಲ್ಲಿ ಬಳಸಿದರೆ ಅದು ನಡೆಯುವುದಿಲ್ಲ.

ಹಾಗಾಗಿ ಕಾರ್ಡ್ ನಂಬರ್ ತುಂಬುವ ಜಾಗ ನಿಮ್ಮ ಪುಟದಲ್ಲಿ ಇರಲೇಬಾರದು, ಗೇಟ್‌ವೇಯ ಕಿಟಕಿಯಲ್ಲಿ ಮಾತ್ರ ಇರಬೇಕು. ತಿಂಗಳಿಗೊಮ್ಮೆ ನೀವೇ ಗಿರಾಕಿಯಂತೆ ಹಣ ಕಟ್ಟುವ ತನಕ ಹೋಗಿ ನೋಡಿ. ಗೇಟ್‌ವೇ ಕಿಟಕಿ ತೆರೆಯುವ ಮೊದಲೇ ನಿಮ್ಮ ಪುಟದಲ್ಲಿ ಕಾರ್ಡ್ ಕೇಳುವ ಪೆಟ್ಟಿಗೆ ಕಂಡರೆ, ಅಥವಾ ಒಂದೇ ಖರೀದಿಗೆ ಎರಡು ಸಲ ಕಾರ್ಡ್ ಕೇಳಿದರೆ, ಯಾರೋ ಸೈಟಿನೊಳಗೆ ಕೋಡ್ ಸೇರಿಸಿದ್ದಾರೆ. ಕದಿಯುವವರು ಮಾಡುವುದೇ ಹೀಗೆ. ಹಳೆಯ ಪ್ಲಗಿನ್‌ನ ತೂತಿನಿಂದ ಒಳಗೆ ಬಂದು, ನಕಲಿ ಫಾರ್ಮ್ ತೋರಿಸಿ, ಗಿರಾಕಿ ಒತ್ತಿದ ಅಂಕಿಗಳನ್ನು ತಮ್ಮ ಕಡೆ ಕಳಿಸಿಕೊಂಡು, ಆಮೇಲೆ ಅಸಲಿ ಕಿಟಕಿ ತೆರೆಯುತ್ತಾರೆ. ದುಡ್ಡು ನಿಮಗೂ ಬರುತ್ತದೆ, ಹಾಗಾಗಿ ನಿಮಗೆ ಅನುಮಾನವೇ ಬರುವುದಿಲ್ಲ. ಅದೇ ಹೊತ್ತಿಗೆ Users ಪಟ್ಟಿಯನ್ನೂ ನೋಡಿ. ನಿಮಗೆ ಗೊತ್ತಿಲ್ಲದ Administrator ಇದ್ದರೆ ಅದೂ ಅದೇ ಗುರುತು. ಬಳಸದ ಪ್ಲಗಿನ್‌ಗಳನ್ನು ಆಫ್ ಮಾಡಿದರೆ ಸಾಲದು, ಅಳಿಸಿ. ಆಫ್ ಆದ ಪ್ಲಗಿನ್‌ನ ಫೈಲ್‌ಗಳು ಸರ್ವರ್‌ನಲ್ಲೇ ಇರುತ್ತವೆ.

ಗೇಟ್‌ವೇ ಎರಡು ಕೀಲಿ ಕೊಡುತ್ತದೆ. `key_id` ಪುಟದಲ್ಲಿ ಎಲ್ಲರಿಗೂ ಕಾಣುತ್ತದೆ, `rzp_live_` ಅಂತ ಶುರುವಾಗುತ್ತದೆ, ಪರವಾಗಿಲ್ಲ. `key_secret` ಮಾತ್ರ ಯಾರಿಗೂ ಸಿಗಬಾರದು. ಅದು ಸಿಕ್ಕವರು ನಿಮ್ಮ ಹೆಸರಿನಲ್ಲಿ ಪ್ರತಿ ಪಾವತಿಯ ಫೋನ್ ನಂಬರ್, ಇಮೇಲ್ ಎಲ್ಲ ತೆಗೆಯಬಹುದು, ಹಣ ವಾಪಸ್ ಕಳಿಸುವ ಆದೇಶವನ್ನೂ ಕೊಡಬಹುದು. ಸೈಟ್ ಮಾಡಿಕೊಟ್ಟವರಿಗೆ ಇದನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದೀರಾ? ನಾನು ಕಳಿಸಿದ್ದೆ. ಡ್ಯಾಶ್‌ಬೋರ್ಡ್‌ನಲ್ಲಿ ಹೊಸ ಕೀಲಿ ಮಾಡಿಸಿ, ಸೈಟಿನ ಸೆಟ್ಟಿಂಗ್‌ನಲ್ಲಿ ಬದಲಿಸಿ, ಒಂದು ರೂಪಾಯಿಯ ಆರ್ಡರ್ ಹಾಕಿ ನೋಡಿ. ರಾತ್ರಿ ಹತ್ತರ ಮೇಲೆ ಮಾಡಿದರೆ ಒಳ್ಳೆಯದು, ನಡುವೆ ಯಾರ ಪಾವತಿಯೂ ಸಿಕ್ಕಿಬೀಳುವುದಿಲ್ಲ.

ಆದರೆ ನಮ್ಮಂಥವರಲ್ಲಿ ಜಾಸ್ತಿ ಸೋರುವುದು ಕಾರ್ಡ್ ಅಲ್ಲ, ಯುಪಿಐ ಸ್ಕ್ರೀನ್‌ಶಾಟ್. "ದುಡ್ಡು ಹಾಕಿ ಸ್ಕ್ರೀನ್‌ಶಾಟ್ ಕಳಿಸಿ" ಅಂತ ಕೇಳುವುದು ಅಭ್ಯಾಸವಾಗಿಬಿಟ್ಟಿದೆ. ಅದರಲ್ಲಿ ಗಿರಾಕಿಯ ಪೂರ್ತಿ ಹೆಸರು, ಬ್ಯಾಂಕು, ಖಾತೆಯ ಕೊನೆಯ ಅಂಕಿಗಳು, ಯುಪಿಐ ಐಡಿ ಇರುತ್ತವೆ. ಐಡಿ ಎಂದರೆ ಎಷ್ಟೋ ಸಲ ಫೋನ್ ನಂಬರೇ. ಅತ್ತಿಗೆಯ ಫೋನ್ ಗ್ಯಾಲರಿಯಲ್ಲಿ ಇಂಥ ಚಿತ್ರಗಳು ಸಾವಿರದ ಮೇಲಿದ್ದವು, ಮೊಮ್ಮಗಳ ನಾಮಕರಣದ ಫೋಟೋಗಳ ನಡುನಡುವೆ.

ತಮಾಷೆ ಏನೆಂದರೆ ಇಷ್ಟು ಕೂಡಿಟ್ಟ ಸ್ಕ್ರೀನ್‌ಶಾಟ್ ಪುರಾವೆಯೂ ಅಲ್ಲ. ನಕಲಿ ಸ್ಕ್ರೀನ್‌ಶಾಟ್ ಮಾಡುವುದು ಸುಲಭ. ನಿಮಗೆ ಬೇಕಾದ್ದು ಒಂದೇ, ಪ್ರತಿ ಯುಪಿಐ ಪಾವತಿಗೂ ಬರುವ 12 ಅಂಕಿಯ ಯುಟಿಆರ್ ನಂಬರು. ಈಗ ನಾವು "ಹಣ ಹಾಕಿದ ಮೇಲೆ ಯುಟಿಆರ್‌ನ ಕೊನೆಯ ಆರು ಅಂಕಿ ಬರೆದು ಕಳಿಸಿ, ಸ್ಕ್ರೀನ್‌ಶಾಟ್ ಬೇಡ" ಅಂತ ಹೇಳುತ್ತೇವೆ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಆ ಅಂಕಿ ಮತ್ತು ಮೊತ್ತ ಹೊಂದಿದರೆ ಆರ್ಡರ್ ಮುಂದೆ ಹೋಗುತ್ತದೆ. ಹಳೆಯ ಚಿತ್ರಗಳನ್ನು ಒಂದು ಭಾನುವಾರ ಕೂತು ಅಳಿಸಿದೆವು. ಗ್ಯಾಲರಿಯ ಕಸದ ಬುಟ್ಟಿಯನ್ನೂ ಖಾಲಿ ಮಾಡಬೇಕು, ಕ್ಲೌಡ್ ಬ್ಯಾಕಪ್‌ನಿಂದಲೂ ತೆಗೆಯಬೇಕು. ಇಲ್ಲದಿದ್ದರೆ ಹೊಸ ಫೋನ್ ಕೊಂಡ ದಿನ ಎಲ್ಲ ವಾಪಸ್ ಬಂದು ಕೂರುತ್ತವೆ.

ಹಣ ವಾಪಸ್ ಕೊಡುವಾಗಲೂ ಅಷ್ಟೇ. ಗೇಟ್‌ವೇಯಲ್ಲಿ ಬಂದ ಹಣ ಅಲ್ಲಿಂದಲೇ ಬಂದ ದಾರಿಯಲ್ಲಿ ಹೋಗುತ್ತದೆ, ಖಾತೆ ನಂಬರ್ ಕೇಳಬೇಕಾಗಿಲ್ಲ. ನಗದು ಕೊಟ್ಟು ಕೊಂಡವರಿಗೆ ಯುಪಿಐ ಐಡಿ ಸಾಕು. "ಹಣ ಪಡೆಯಲು ಪಿನ್ ಒತ್ತಬೇಕಿಲ್ಲ, ಯಾರಾದರೂ ಒತ್ತಿ ಅಂದರೆ ಅದು ನಾವಲ್ಲ" ಅನ್ನುವ ಸಾಲನ್ನು ಆ ಸಂದೇಶದಲ್ಲೇ ಸೇರಿಸಿ.

## ನಾಲ್ಕನೇ ಹೆಜ್ಜೆ: ಒಪ್ಪಿಗೆ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಅಂಗಡಿಗಳಿಗೆ ತಟ್ಟುವ ಮುಖ್ಯ ಭಾಗಕ್ಕೆ 18 ತಿಂಗಳ ಅವಕಾಶ ಕೊಟ್ಟಿದ್ದಾರೆ, ಅಂದರೆ 2027ರ ಮೇ ತನಕ. ಅಂಗಡಿ ಚಿಕ್ಕದು ಅನ್ನುವ ಒಂದೇ ಕಾರಣಕ್ಕೆ ತಾನಾಗಿ ವಿನಾಯಿತಿ ಸಿಗುವುದಿಲ್ಲ.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಜಾಗ ಒಂದಿದೆ. ಗಿರಾಕಿ ತಾವೇ ಅಡ್ರೆಸ್ ಕೊಟ್ಟು ಸಾಮಾನು ತರಿಸಿದರೆ, ಆ ಸಾಮಾನು ತಲುಪಿಸಲು ಆ ಅಡ್ರೆಸ್ ಬಳಸಬಹುದು. ಅದಕ್ಕೆ ಬೇರೆ ಟಿಕ್ ಬೇಡ. ಆದರೆ ದೀಪಾವಳಿಗೆ "ಚಕ್ಕುಲಿ ಬಂದಿದೆ, 10% ರಿಯಾಯಿತಿ" ಅಂತ ವಾಟ್ಸಾಪ್ ಮಾಡುವುದು ಬೇರೆ ಕೆಲಸ. ಪಾರ್ಸೆಲ್‌ಗೆಂದು ಕೊಟ್ಟ ನಂಬರನ್ನು ಪ್ರಚಾರಕ್ಕೆ ಬಳಸಲು ಬೇರೆ ಒಪ್ಪಿಗೆ ಬೇಕು. ಆ ಒಪ್ಪಿಗೆ ಗಿರಾಕಿ ತಾವೇ ಟಿಕ್ ಹಾಕಿದ್ದಾಗಿರಬೇಕು. ಮೊದಲೇ ಟಿಕ್ ಹಾಕಿಟ್ಟ ಪೆಟ್ಟಿಗೆ ಲೆಕ್ಕಕ್ಕೆ ಬರುವುದಿಲ್ಲ. ಟಿಕ್ ಹಾಕದಿದ್ದರೆ ಆರ್ಡರ್ ಮುಂದೆ ಹೋಗದ ಹಾಗೆ ಮಾಡಿದರೂ ಅದು ಒಪ್ಪಿಗೆಯಲ್ಲ, ಬಲವಂತ.

ವೂಕಾಮರ್ಸ್‌ನ ಹೊಸ ಬ್ಲಾಕ್ ಚೆಕ್‌ಔಟ್‌ನಲ್ಲಿ ಅಂಥ ಪೆಟ್ಟಿಗೆ ಸೇರಿಸಲು ಇಷ್ಟು ಸಾಕು. ಇದನ್ನು ಚೈಲ್ಡ್ ಥೀಮ್‌ನ `functions.php` ಕೊನೆಯಲ್ಲಿ ಹಾಕಿ:

```php
add_action( 'woocommerce_init', function () {
  woocommerce_register_additional_checkout_field( array(
    'id'       => 'angadi/offers',
    'label'    => 'ಹೊಸ ತಿನಿಸು ಬಂದಾಗ ವಾಟ್ಸಾಪ್‌ನಲ್ಲಿ ತಿಳಿಸಿ',
    'location' => 'order',
    'type'     => 'checkbox',
  ) );
} );
```

ಟಿಕ್ ಖಾಲಿಯಾಗಿಯೇ ಶುರುವಾಗುತ್ತದೆ, ಕಡ್ಡಾಯವೂ ಅಲ್ಲ. ಗಿರಾಕಿ ಏನು ಮಾಡಿದರು ಅನ್ನುವುದು ಆ ಆರ್ಡರ್‌ನ ಜೊತೆಗೇ ಉಳಿಯುತ್ತದೆ. ಹಳೆಯ ಶಾರ್ಟ್‌ಕೋಡ್ ಚೆಕ್‌ಔಟ್ ಬಳಸುತ್ತಿದ್ದರೆ ಇದು ಕಾಣುವುದಿಲ್ಲ. ಪರೀಕ್ಷೆಗೆ ಒಂದು ಆರ್ಡರ್ ಹಾಕಿ ನೋಡದೆ ಬಿಡಬೇಡಿ.

ಟಿಕ್ ಪಕ್ಕದಲ್ಲಿ ಒಂದು ಚಿಕ್ಕ ತಿಳಿವಳಿಕೆ ಪುಟದ ಲಿಂಕ್ ಇರಬೇಕು. ಯಾವ ಮಾಹಿತಿ ತಗೊಳ್ಳುತ್ತೀರಿ, ಯಾವ ಕೆಲಸಕ್ಕೆ, ಒಪ್ಪಿಗೆ ಹಿಂದಕ್ಕೆ ತಗೊಳ್ಳುವುದು ಹೇಗೆ, ದೂರು ಎಲ್ಲಿ ಕೊಡುವುದು, ಇಷ್ಟನ್ನು ಬೇರೆ ಷರತ್ತುಗಳ ಜೊತೆ ಕಲಸದೆ ಹೇಳಬೇಕು. ಇದು ಇಂಗ್ಲಿಷ್‌ನಲ್ಲಿ, ಅಥವಾ ಬೇಕೆಂದವರಿಗೆ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಸಿಗಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಕನ್ನಡ ಅದರಲ್ಲಿದೆ. ಎಲ್ಲಿಂದಲೋ ನಕಲು ಮಾಡಿದ ಇಂಗ್ಲಿಷ್ ಪಾಲಿಸಿಯನ್ನು ಅಂಟಿಸುವ ಬದಲು ನಾವು ಹೀಗೆ ಬರೆದೆವು:

"ನಿಮ್ಮ ಹೆಸರು, ಅಡ್ರೆಸ್, ಫೋನ್ ನಂಬರನ್ನು ಪಾರ್ಸೆಲ್ ಕಳಿಸಲು ಬಳಸುತ್ತೇವೆ, ಕೊರಿಯರ್‌ನವರಿಗೆ ಕೊಡುತ್ತೇವೆ. ಇಮೇಲ್‌ಗೆ ಬಿಲ್ ಕಳಿಸುತ್ತೇವೆ. ಕಾರ್ಡ್ ವಿವರ ನಮಗೆ ಕಾಣುವುದಿಲ್ಲ. ನೀವು ಟಿಕ್ ಹಾಕಿದ್ದರೆ ಮಾತ್ರ ಹೊಸ ತಿನಿಸಿನ ಸುದ್ದಿ ವಾಟ್ಸಾಪ್‌ನಲ್ಲಿ ಬರುತ್ತದೆ. ಬೇಡ ಅನ್ನಿಸಿದ ದಿನ ಅದೇ ನಂಬರಿಗೆ 'ಬೇಡ' ಅಂತ ಕಳಿಸಿ. ನಿಮ್ಮ ಮಾಹಿತಿ ನೋಡಲು, ತಿದ್ದಲು, ಅಳಿಸಲು ಈ ಇಮೇಲ್‌ಗೆ ಬರೆಯಿರಿ. ನಮ್ಮ ಉತ್ತರ ಸರಿ ಅನ್ನಿಸದಿದ್ದರೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ದೂರು ಕೊಡಬಹುದು."

ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂದಕ್ಕೆ ತಗೊಳ್ಳುವುದೂ ಅಷ್ಟೇ ಸುಲಭ ಇರಬೇಕು. ಒಂದು ಟಿಕ್‌ನಲ್ಲಿ ಸೇರಿಸಿಕೊಂಡು, ಬಿಡಲು "ಕಚೇರಿ ವೇಳೆಯಲ್ಲಿ ಫೋನ್ ಮಾಡಿ" ಅಂದರೆ ಆಗದು. "ಬೇಡ" ಅಂತ ಬಂದ ದಿನವೇ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ತೆಗೆಯಿರಿ. ಒಂದು ಪುಸ್ತಕದಲ್ಲೋ ಶೀಟ್‌ನಲ್ಲೋ ನಾಲ್ಕು ವಿಷಯ ಬರೆದಿಡಿ. ಆರ್ಡರ್ ನಂಬರು, ಒಪ್ಪಿದ ದಿನ, ಆಗ ಪುಟದಲ್ಲಿದ್ದ ವಾಕ್ಯ ಯಾವುದು, ಬೇಡ ಅಂದ ದಿನ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ವಾಕ್ಯ ಬದಲಿಸಿದಾಗೆಲ್ಲ ಅದಕ್ಕೊಂದು ಸಂಖ್ಯೆ ಕೊಡಿ. ನಾಳೆ ಯಾರಾದರೂ "ನಾನು ಇದಕ್ಕೆ ಒಪ್ಪಿರಲಿಲ್ಲ" ಅಂದರೆ ಒಪ್ಪಿದ್ದರೆಂದು ತೋರಿಸಬೇಕಾದವರು ನೀವು.

ಹಳೆಯ ಗಿರಾಕಿಗಳ ನಂಬರು ಮೊದಲಿಂದ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿದ್ದರೆ? ನಾವು ಒಂದೇ ಸಲ ಕೇಳಿದೆವು, "ಸುದ್ದಿ ಬೇಕಾದರೆ 'ಬೇಕು' ಅಂತ ಬರೆಯಿರಿ, ಇಲ್ಲದಿದ್ದರೆ ಇದೇ ಕೊನೆ." ಪಟ್ಟಿ ಮೂರನೇ ಒಂದು ಭಾಗಕ್ಕೆ ಇಳಿಯಿತು. ಅತ್ತಿಗೆಗೆ ಸ್ವಲ್ಪ ಬೇಜಾರಾಯಿತು. "ಇಷ್ಟು ಜನ ಸುಮ್ನೆ ಸಹಿಸ್ಕೊಂಡಿದ್ರಾ?" ಅಂದರು.

## ಐದನೇ ಹೆಜ್ಜೆ: ಎಷ್ಟು ದಿನ ಇಟ್ಟುಕೊಳ್ಳುವುದು

ಎಲ್ಲವನ್ನೂ ತಕ್ಷಣ ಅಳಿಸುವ ಉತ್ಸಾಹ ಬೇಡ. ಹೊಸ ನಿಯಮಗಳು ದತ್ತಾಂಶ ಮತ್ತು ಲಾಗ್‌ಗಳನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಲು ಹೇಳುತ್ತವೆ. ಜಿಎಸ್‌ಟಿ ನೋಂದಣಿ ಇದ್ದರೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಆದರೆ ಇದೆಲ್ಲ ಒಂದು ಪ್ರತಿಗೆ, ಭದ್ರವಾದ ಒಂದು ಜಾಗದಲ್ಲಿ. ಡೌನ್‌ಲೋಡ್ಸ್ ಫೋಲ್ಡರ್‌ನ ಎಕ್ಸೆಲ್‌ಗೂ ವಾಟ್ಸಾಪ್‌ನ ಪ್ರತಿಗೂ ಯಾವ ಕಾನೂನಿನ ಕಾರಣವೂ ಇಲ್ಲ.

Accounts & Privacy ಪುಟದ ಕೆಳಗೆ Personal data retention ಅಂತ ಇದೆ. ರದ್ದಾದ, ವಿಫಲವಾದ, ಮುಗಿದ ಆರ್ಡರ್‌ಗಳಿಗೆ ಬೇರೆ ಬೇರೆ ಅವಧಿ ಹಾಕಬಹುದು. ಅದನ್ನು ಖಾಲಿ ಬಿಟ್ಟರೆ ಎಲ್ಲವೂ ಎಂದೆಂದಿಗೂ ಇರುತ್ತವೆ. ಒಬ್ಬ ಗಿರಾಕಿ ತಮ್ಮ ಮಾಹಿತಿ ಕೇಳಿದರೆ Tools → Export Personal Data, ಅಳಿಸಲು ಕೇಳಿದರೆ Erase Personal Data. ಕೇಳಿದವರ ಇಮೇಲ್‌ಗೆ ಮೊದಲು ಖಚಿತಪಡಿಸುವ ಲಿಂಕ್ ಹೋಗುತ್ತದೆ. ಅದನ್ನು ದಾಟಿಸಿ ಮುಂದೆ ಹೋಗಬೇಡಿ. ಬೇರೆಯವರ ಹೆಸರಿನಲ್ಲಿ ಕೇಳಿ ಅಡ್ರೆಸ್ ತಿಳಿದುಕೊಳ್ಳುವವರೂ ಇರುತ್ತಾರೆ.

## ಸೋರಿದೆ ಅಂತ ತಿಳಿಯುವುದು ಹೇಗೆ, ತಿಳಿದ ಮೇಲೆ ಏನು

ಸಾಮಾನ್ಯವಾಗಿ ಮೊದಲ ಸುಳಿವು ಗಿರಾಕಿಯಿಂದಲೇ ಬರುತ್ತದೆ. "ನಿಮ್ಮ ಕಡೆಯವರು ಫೋನ್ ಮಾಡಿದ್ದರು, ಪಾರ್ಸೆಲ್ ನಿಂತಿದೆ, ಅಡ್ರೆಸ್ ಸರಿಮಾಡಲು ಐದು ರೂಪಾಯಿ ಕಟ್ಟಿ ಅಂದರು. ನಾನು ಏನು ತರಿಸಿದ್ದೆ ಅಂತಲೂ ಅವರಿಗೆ ಗೊತ್ತಿತ್ತು." ಆ ಕೊನೆಯ ವಾಕ್ಯ ಕೇಳಿದರೆ ಎದ್ದು ಕೂರಬೇಕು. ಬರೀ ನಂಬರು ಎಲ್ಲಿಂದ ಬೇಕಾದರೂ ಸಿಗುತ್ತದೆ. ತರಿಸಿದ ಸಾಮಾನಿನ ಹೆಸರು ಗೊತ್ತಿದೆ ಅಂದರೆ ಅದು ನಿಮ್ಮ ಕೈಯಿಂದಲೋ ನೀವು ಕೊಟ್ಟವರ ಕೈಯಿಂದಲೋ ಹೋಗಿದ್ದು.

ಯಾರ ಕೈಯಿಂದ ಅಂತ ಹಿಡಿಯಲು ಒಂದು ಉಪಾಯವಿದೆ. ಪ್ರತಿ ಜಾಗಕ್ಕೂ ನಿಮ್ಮದೇ ಒಂದು ನಕಲಿ ಗಿರಾಕಿಯನ್ನು ಸೇರಿಸಿಡಿ. ಫೋನ್ ನಂಬರು ನಿಮ್ಮ ಮನೆಯದ್ದೇ, ಹೆಸರು ಮಾತ್ರ ಒಂದೊಂದು ಕಡೆ ಒಂದೊಂದು. ಸೈಟಿನಲ್ಲಿ ಒಂದು ಹೆಸರು, ಕೊರಿಯರ್ ಆ್ಯಪ್‌ನಲ್ಲಿ ಇನ್ನೊಂದು, ಲೆಕ್ಕದವರಿಗೆ ಕೊಡುವ ಶೀಟ್‌ನಲ್ಲಿ ಮತ್ತೊಂದು. ಮೋಸದ ಕರೆ ಬಂದಾಗ ಅವರು ಯಾವ ಹೆಸರು ಹಿಡಿದು ಕರೆಯುತ್ತಾರೆ ನೋಡಿ. ಸೋರಿದ ಜಾಗ ಅದೇ.

ಸೋರಿದ್ದು ಖಾತ್ರಿಯಾದರೆ ಮೊದಲ ಆಸೆ ಎಲ್ಲ ಅಳಿಸಿ ಬ್ಯಾಕಪ್‌ನಿಂದ ಹೊಸದಾಗಿ ಶುರುಮಾಡುವುದು. ಮಾಡಬೇಡಿ. ಹೋಸ್ಟಿಂಗ್‌ನವರಿಂದ ಲಾಗ್‌ಗಳ ಪ್ರತಿ ಮತ್ತು ಸೈಟಿನ ಈಗಿನ ಪೂರ್ತಿ ಬ್ಯಾಕಪ್ ತೆಗೆದಿಡಿ, ಇಲ್ಲದಿದ್ದರೆ ಕಳ್ಳ ಯಾವ ಕಿಟಕಿಯಿಂದ ಬಂದ ಅಂತ ಯಾವತ್ತೂ ತಿಳಿಯುವುದಿಲ್ಲ. ಆಮೇಲೆ ಇಮೇಲ್‌ನಿಂದ ಶುರುಮಾಡಿ ಎಲ್ಲ ಪಾಸ್‌ವರ್ಡ್ ಬದಲಿಸಿ, `key_secret` ಹೊಸದು ಮಾಡಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿಸಿ.

ಗಡಿಯಾರ ಓಡುತ್ತಿರುತ್ತದೆ. ಇಂಥ ಘಟನೆ ತಿಳಿದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರ ಏಪ್ರಿಲ್ 28ರ ಆದೇಶವಿದೆ. ಇಮೇಲ್ `incident@cert-in.org.in`. ಪೂರ್ತಿ ವಿವರ ಇಲ್ಲದಿದ್ದರೂ ಗೊತ್ತಿದ್ದಷ್ಟು ಬರೆದು ಕಳಿಸಿ. ಹೊಸ ಕಾಯ್ದೆಯ ಭಾಗ ಜಾರಿಯಾದ ಮೇಲೆ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡಮಾಡದೆ ಹೇಳಿ, 72 ಗಂಟೆಯೊಳಗೆ ವಿವರ ಕೊಡಬೇಕು. ಯಾರದಾದರೂ ಹಣ ಹೋಗಿದ್ದರೆ ಅವರು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ. ಬೇಗ ಮಾಡಿದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.

ಗಿರಾಕಿಗಳಿಗೂ ಅದೇ ದಿನ ಹೇಳಬೇಕು. ಲೇಬಲ್ ಹಾಳೆಯ ದಿನ ಹಾಸನದ ಆ ಗಿರಾಕಿಗೆ ಫೋನ್ ಮಾಡಲು ಅತ್ತಿಗೆ ಒಂದು ಗಂಟೆ ಹಿಂದೆಮುಂದೆ ನೋಡಿದ್ದರು. ಆಮೇಲೆ ಹೇಳಿದ್ದು ಇಷ್ಟೇ: "ತಪ್ಪು ನಮ್ಮದು. ನಿಮ್ಮ ಹೆಸರು, ಅಡ್ರೆಸ್, ಫೋನ್ ನಂಬರ್ ಇದ್ದ ಹಾಳೆ ಇನ್ನೊಬ್ಬರ ಪಾರ್ಸೆಲ್‌ನಲ್ಲಿ ಹೋಗಿದೆ. ದುಡ್ಡಿನ ವಿವರ ಏನೂ ಇರಲಿಲ್ಲ. ಅವರು ಹಾಳೆ ಸುಟ್ಟಿದ್ದೇನೆ ಅಂದಿದ್ದಾರೆ. ನಮ್ಮ ಹೆಸರು ಹೇಳಿಕೊಂಡು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಇದೇ ನಂಬರಿಗೆ ಫೋನ್ ಮಾಡಿ." ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಪ್ಪೆಮಿಡಿ ಈ ಸಲ ಯಾವಾಗ ಬರುತ್ತದೆ ಅಂತ ಕೇಳಿದರು.